ಕಚ್ಚಿದ ಹಲ್ಲು, ಏರಿದ ಭುಜ: ಸಂಜೆಯ ಬಿಗಿ ಬಿಡಿಸುವ ಅಭ್ಯಾಸ

ಹಲ್ಲುನೋವು ಎಂದು ದಂತವೈದ್ಯರ ಹತ್ತಿರ ಹೋಗಿದ್ದ ಒಬ್ಬರನ್ನು ಅವರು ನನ್ನ ಹತ್ತಿರ ಕಳಿಸಿದರು. ನಾನು ಕಾಸರಗೋಡು ಜಿಲ್ಲೆಯಲ್ಲಿ ಫಿಸಿಯೋಥೆರಪಿ ಮಾಡುವವನು. ಬಂದವರು ಕುಂಬಳೆ ಕಡೆಯವರು, ವಯಸ್ಸು 42. ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಲೆಕ್ಕಪತ್ರದ ಕೆಲಸ ಮಾಡುತ್ತಾರೆ. ಹಲ್ಲಿನಲ್ಲಿ ಹುಳುಕಿರಲಿಲ್ಲ, ವಸಡೂ ಚೆನ್ನಾಗಿತ್ತು. ಆದರೆ ಸಂಜೆ ರೈಲಿನಿಂದ ಇಳಿಯುವಾಗ ಗಟ್ಟಿ ಚಕ್ಕುಲಿ ಜಗಿದು ಜಗಿದು ಸೋತ ಹಾಗೆ ಎರಡೂ ಕೆನ್ನೆ ನೋಯುತ್ತಿತ್ತು. ಹೆಗಲ ಮೇಲೆ ಅಕ್ಕಿಮುಡಿ ಹೊತ್ತ ಹಾಗೆ ಭಾರ.

ಅವರು ಮಾತಾಡುತ್ತಿದ್ದಾಗ ನಾನು ಅವರ ಭುಜವನ್ನೇ ನೋಡುತ್ತಿದ್ದೆ. ಅದು ಕಿವಿಯ ಕಡೆಗೆ ಏರಿಯೇ ಇತ್ತು.

"ಅಕ್ಕ, ಭುಜ ಸ್ವಲ್ಪ ಕೆಳಗೆ ಬಿಡಿ" ಎಂದೆ.

"ಬಿಟ್ಟೇ ಕೂತಿದ್ದೇನಲ್ಲ ಡಾಕ್ಟ್ರೇ!" ಎಂದರು.

ಅವರು ಹೇಳಿದ್ದು ಸುಳ್ಳಲ್ಲ. ಅವರ ಮಟ್ಟಿಗೆ ಭುಜ ಕೆಳಗೇ ಇತ್ತು. ದಿನವಿಡೀ ಎಳೆದುಕೊಂಡೇ ಇರುವ ಸ್ನಾಯುವಿನ ಬಿಗಿ ಸ್ವಲ್ಪ ಸಮಯದ ನಂತರ ನಮ್ಮ ಗಮನಕ್ಕೆ ಬರುವುದು ನಿಂತುಬಿಡುತ್ತದೆ, ಫ್ಯಾನಿನ ಸದ್ದು ಕೇಳದೇ ಹೋಗುವ ಹಾಗೆ. ಗೊತ್ತೇ ಆಗದ ಬಿಗಿಯನ್ನು ಬಿಡುವುದು ಹೇಗೆ? "ರಿಲ್ಯಾಕ್ಸ್ ಮಾಡಿ" ಎಂದು ಎಷ್ಟು ಹೇಳಿದರೂ ಉಪಯೋಗವಾಗದಿರುವುದು ಇದಕ್ಕೇ.

ಪ್ರೋಗ್ರೆಸಿವ್ ಮಸಲ್ ರಿಲ್ಯಾಕ್ಸೇಶನ್ ಎಂಬ ಅಭ್ಯಾಸ ಶುರುವಾದದ್ದೇ ಈ ತೊಡಕಿನಿಂದ. 1920ರ ದಶಕದಲ್ಲಿ ಶಿಕಾಗೋದ ವೈದ್ಯ ಎಡ್ಮಂಡ್ ಜೇಕಬ್ಸನ್ ಇದನ್ನು ರೂಪಿಸಿದರು. ಒಂದು ಸ್ನಾಯುವನ್ನು ಬೇಕೆಂದೇ ಬಿಗಿ ಮಾಡಬೇಕು, ಬಿಗಿ ಎಂದರೆ ಹೇಗಿರುತ್ತದೆ ಎಂದು ಗಮನಿಸಬೇಕು, ಆಮೇಲೆ ಬಿಟ್ಟು ಆ ವ್ಯತ್ಯಾಸವನ್ನು ಗಮನಿಸಬೇಕು. ಆಮೇಲೆ ಬಂದವರು ಇದನ್ನು ಚುಟುಕು ಮಾಡಿದರು. 1973ರಲ್ಲಿ ಬರ್ನ್‌ಸ್ಟೀನ್ ಮತ್ತು ಬೋರ್ಕೊವೆಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇಡೀ ದೇಹವನ್ನು 16 ಸ್ನಾಯು ಗುಂಪುಗಳಾಗಿ ಮಾಡಿ ಕಲಿಸಿದ ಕ್ರಮವೇ ಇವತ್ತು ಹೆಚ್ಚಿನ ಕಡೆ ಬಳಕೆಯಲ್ಲಿದೆ. ಭುಜ ಮತ್ತು ದವಡೆಯ ತೊಂದರೆ ಇರುವವರಿಗೆ ನಾನು 16ನ್ನೂ ಕೊಡುವುದಿಲ್ಲ. ಸುಸ್ತಾಗಿ ಮನೆಗೆ ಬಂದವರು ಕಾಲ್ಬೆರಳಿಂದ ಶುರು ಮಾಡಿದರೆ ದವಡೆಗೆ ಬರುವ ಮೊದಲೇ ನಿದ್ದೆ ಹೋಗುತ್ತಾರೆ. ಕೈ, ಭುಜ, ಕಣ್ಣು, ದವಡೆ, ನಾಲಿಗೆ, ಇಷ್ಟು ಸಾಕು. ಒಟ್ಟು ಹತ್ತು ಹನ್ನೆರಡು ನಿಮಿಷ.

ಮೊದಲು ಬೆರಳಿಟ್ಟು ನೋಡಿ

ಎರಡೂ ಕೈಯ ಬೆರಳುಗಳನ್ನು ಕೆನ್ನೆಯ ಮೇಲೆ, ಕಿವಿಯ ಕೆಳತುದಿಗಿಂತ ಸ್ವಲ್ಪ ಮುಂದೆ ಇಡಿ. ಹಿಂದಿನ ಹಲ್ಲುಗಳನ್ನು ಮೆಲ್ಲಗೆ ಕಚ್ಚಿ. ಬೆರಳಿನ ಅಡಿಯಲ್ಲಿ ಗಟ್ಟಿಯಾಗಿ ಉಬ್ಬುವುದು ಜಗಿಯುವ ಮುಖ್ಯ ಸ್ನಾಯು. ಹೆಸರು ಮ್ಯಾಸೆಟರ್. ಈಗ ಬೆರಳನ್ನು ಕಣ್ಣಿನ ಪಕ್ಕದ ಕೆನ್ನತ್ತಿಗೆ ತನ್ನಿ, ಮತ್ತೆ ಕಚ್ಚಿ. ಅಲ್ಲೂ ಉಬ್ಬುತ್ತದೆ ಅಲ್ವಾ? ದಿನವಿಡೀ ಹಲ್ಲು ಕಚ್ಚಿದವರಿಗೆ ಸಂಜೆ ತಲೆಯ ಎರಡು ಬದಿ ನೋಯುವುದಕ್ಕೆ ಈ ಸ್ನಾಯುವೂ ಒಂದು ಕಾರಣ.

ಆಮೇಲೆ ಬಲಗೈಯನ್ನು ಎಡ ಹೆಗಲ ಮೇಲೆ, ಕುತ್ತಿಗೆ ಮತ್ತು ಭುಜದ ತುದಿಯ ನಡುವೆ ಇಡಿ. ಎಡ ಭುಜವನ್ನು ಕಿವಿಯ ಕಡೆಗೆ ಏರಿಸಿ. ಕೈಯ ಅಡಿ ಗಟ್ಟಿಯಾಗುವುದು ಟ್ರೆಪೀಜಿಯಸ್ ಸ್ನಾಯುವಿನ ಮೇಲಿನ ಭಾಗ. ಇದು ತಲೆಬುರುಡೆಯ ಹಿಂಭಾಗದಿಂದ ಹೊರಟು ಭುಜದವರೆಗೆ ಬರುತ್ತದೆ. ಕಂಪ್ಯೂಟರಿನ ಮುಂದೆ ಕೂರುವವರಿಗೂ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ತಲೆ ಬಗ್ಗಿಸಿ ಬೀಡಿ ಕಟ್ಟುವವರಿಗೂ ನೋಯುವುದು ಇದೇ ಜಾಗ.

ಸಾಮಾನ್ಯವಾಗಿ ತುಟಿ ಮುಚ್ಚಿ ಸುಮ್ಮನೆ ಕೂತಿರುವಾಗ ಮೇಲಿನ ಮತ್ತು ಕೆಳಗಿನ ಹಲ್ಲು ತಾಗಿರಬಾರದು. ನಡುವೆ ಎರಡು ಮೂರು ಮಿಲಿಮೀಟರ್ ಜಾಗ ಇರಬೇಕು. ಹಲ್ಲು ತಾಗಬೇಕಾದದ್ದು ಜಗಿಯುವಾಗ, ಉಗುಳು ನುಂಗುವಾಗ ಮಾತ್ರ. ಇದನ್ನು ಕೇಳಿದ ಹೆಚ್ಚಿನವರು ಆಶ್ಚರ್ಯಪಡುತ್ತಾರೆ. ಬಾಯಿ ಮುಚ್ಚುವುದೆಂದರೆ ಹಲ್ಲು ಮುಚ್ಚುವುದು ಎಂದೇ ಅವರು ಅಂದುಕೊಂಡಿರುತ್ತಾರೆ.

ಯಾರು ಮೊದಲು ವೈದ್ಯರನ್ನು ಕೇಳಬೇಕು

ಬಾಯಿಯನ್ನು ಪೂರ್ತಿ ತೆರೆದು ನಿಮ್ಮದೇ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹೋಗದಿದ್ದರೆ ಈ ಅಭ್ಯಾಸಕ್ಕಿಂತ ಮೊದಲು ವೈದ್ಯರಿಗೆ ತೋರಿಸಿ. ನಮ್ಮ ಕಡೆ ಇದನ್ನು ನಾನು ಒತ್ತಿ ಹೇಳುತ್ತೇನೆ. ಅಡಿಕೆ ನಮ್ಮ ಬದುಕು, ತೋಟದ ಅಡಿಕೆಯಿಂದಲೇ ನನ್ನ ಓದು ಮುಗಿದದ್ದು. ಆದರೆ ಅಡಿಕೆ ಜಗಿಯುವ ಅಭ್ಯಾಸದಿಂದ ಬಾಯೊಳಗಿನ ಚರ್ಮ ನಾರಿನ ಹಾಗೆ ಗಟ್ಟಿಯಾಗಿ ಬಾಯಿ ಬಿಡಲು ಆಗದೇ ಹೋಗುವ ಕಾಯಿಲೆ ಇದೆ. ಖಾರ ತಿಂದರೆ ಬಾಯಿ ಉರಿಯುವುದು ಅದರ ಮೊದಲ ಲಕ್ಷಣಗಳಲ್ಲಿ ಒಂದು. ಅದು ಸ್ನಾಯುವಿನ ಬಿಗಿ ಅಲ್ಲ, ಕ್ಯಾನ್ಸರಿಗೆ ತಿರುಗುವ ಸಾಧ್ಯತೆಯೂ ಇದೆ. ಅದಕ್ಕೆ ರಿಲ್ಯಾಕ್ಸೇಶನ್ ಮದ್ದಲ್ಲ.

ದವಡೆ ಸಿಕ್ಕಿಬೀಳುವವರು, ಕೈಗೆ ಜೋಮು ಇಳಿಯುವವರು, ಇತ್ತೀಚೆಗೆ ಕುತ್ತಿಗೆ ಅಥವಾ ಭುಜದ ಆಪರೇಶನ್ ಆದವರು ಕೂಡ ಮೊದಲು ಕೇಳಿಕೊಂಡು ಮಾಡಿ. ಇನ್ನೊಂದು ಮಾತು. ನಡೆಯುವಾಗ, ಮೆಟ್ಟಿಲು ಹತ್ತುವಾಗ ದವಡೆಯೋ ಎಡ ಭುಜವೋ ಹಿಡಿದು, ಎದೆ ಭಾರ, ಬೆವರು, ಉಸಿರುಗಟ್ಟುವುದು ಜೊತೆಗಿದ್ದರೆ ಅದು ಹೃದಯದ ತೊಂದರೆ ಆಗಿರಬಹುದು. ಚಾಪೆ ಹಾಸಿ ಮಲಗಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಅಭ್ಯಾಸ

ಕೆಲಸದಿಂದ ಬಂದು ಕೈಕಾಲು ತೊಳೆದ ಮೇಲೆ, ರಾತ್ರಿ ಊಟಕ್ಕಿಂತ ಮೊದಲು ಮಾಡುವುದು ಒಳ್ಳೆಯದು. ಬಾಯಲ್ಲಿ ವೀಳ್ಯ ಇದ್ದರೆ ಉಗುಳಿ, ಬಾಯಿ ಮುಕ್ಕಳಿಸಿ. ಕಟ್ಟಿಸಿಕೊಂಡ ಹಲ್ಲು ಸಡಿಲವಾಗಿದ್ದರೆ ತೆಗೆದಿಡಿ. ನಮ್ಮ ಸೆಖೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಸಡಿಲವಾಗಲು ಆಗುವುದಿಲ್ಲ, ಆದ್ದರಿಂದ ಫ್ಯಾನ್ ಹಾಕಿ. ಕುರ್ಚಿಯನ್ನು ಗೋಡೆಗೆ ತಾಗಿಸಿ, ತಲೆಯ ಹಿಂದೆ ತಲೆದಿಂಬು ಇಟ್ಟು ಕೂರಿ. ತಲೆಗೆ ಆಧಾರ ಇಲ್ಲದಿದ್ದರೆ ಅದನ್ನು ಎತ್ತಿ ಹಿಡಿಯಲು ಕುತ್ತಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಮೊಣಕೈಗಳಿಗೂ ಆಧಾರ ಬೇಕು. ಕುರ್ಚಿಗೆ ಕೈ ಇಲ್ಲದಿದ್ದರೆ ಮಡಿಲಲ್ಲಿ ಒಂದು ದಿಂಬು ಇಟ್ಟು ಅದರ ಮೇಲೆ ಕೈ ಇಡಿ. ತೂಗುವ ಕೈಯ ಭಾರ ಬೀಳುವುದು ಹೆಗಲಿನ ಮೇಲೆಯೇ.

ಎಲ್ಲ ಹಂತಕ್ಕೂ ಒಂದೇ ಲೆಕ್ಕ. 5ರಿಂದ 7 ಸೆಕೆಂಡ್ ಬಿಗಿ, ಆಮೇಲೆ 30ರಿಂದ 40 ಸೆಕೆಂಡ್ ಬಿಡುವು. ಪ್ರತಿಯೊಂದನ್ನೂ ಎರಡು ಸಲ ಮಾಡಿ. ಗಡಿಯಾರ ನೋಡಬೇಡಿ. ಬಿಗಿ ಮಾಡುವಾಗ ಮನಸ್ಸಿನಲ್ಲಿ ನಿಧಾನವಾಗಿ ಐದು ಎಣಿಸಿ. ಬಿಟ್ಟ ಮೇಲೆ ಏಳೆಂಟು ಸಹಜ ಉಸಿರು ಬಂದುಹೋಗುವವರೆಗೆ ಕಾಯಿರಿ. ಬಿಗಿ ಮಾಡುವಾಗ ಉಸಿರು ಹಿಡಿಯಬೇಡಿ. ಬಿಪಿ ಇರುವವರಿಗೆ ಇದು ಮುಖ್ಯ, ಏಕೆಂದರೆ ಉಸಿರು ಕಟ್ಟಿ ಬಿಗಿದರೆ ಬಿಪಿ ಒಮ್ಮೆಲೇ ಏರುತ್ತದೆ.

ಮೊದಲು ಬಲ ಮುಷ್ಟಿ. ಕೈಗೆ ತೊಂದರೆ ಇಲ್ಲದಿದ್ದರೂ ಇಲ್ಲಿಂದಲೇ ಶುರು ಮಾಡಬೇಕು. ಬಿಗಿ ಮತ್ತು ಸಡಿಲದ ವ್ಯತ್ಯಾಸ ಅತಿ ಸುಲಭವಾಗಿ ತಿಳಿಯುವುದು ಕೈಯಲ್ಲಿ. ಮುಷ್ಟಿ ಕಟ್ಟಿ, ಮೊಣಕೈವರೆಗೆ ಹಗ್ಗ ಎಳೆದ ಹಾಗೆ ಆಗುವುದನ್ನು ಗಮನಿಸಿ. ಐದು ಎಣಿಸಿದ ಮೇಲೆ ಒಮ್ಮೆಲೇ ಬಿಡಿ. ಬೆರಳುಗಳನ್ನು ನೀವಾಗಿ ಬಿಡಿಸಬೇಡಿ, ಅವು ಬಿದ್ದ ಹಾಗೆ ಬೀಳಲಿ. ಬಿಟ್ಟ ಕೈಯಲ್ಲಿ ಸ್ವಲ್ಪ ಬೆಚ್ಚಗೆ, ಸ್ವಲ್ಪ ಭಾರ ಅನ್ನಿಸಬಹುದು. ಎಡ ಮುಷ್ಟಿಗೂ ಹೀಗೆಯೇ. ಮುಂದೆ ಭುಜದಲ್ಲಿ, ದವಡೆಯಲ್ಲಿ ನೀವು ಹುಡುಕಬೇಕಾದದ್ದು ಇದೇ ಅನುಭವವನ್ನು.

ಈಗ ಭುಜ. ಎರಡೂ ಭುಜಗಳನ್ನು ನೇರವಾಗಿ ಕಿವಿಯ ಕಡೆಗೆ ಏರಿಸಿ, ತಲೆಯನ್ನು ಮುಂದೆ ತರಬೇಡಿ. ಶಕ್ತಿಯ ಮುಕ್ಕಾಲು ಭಾಗ ಹಾಕಿದರೆ ಸಾಕು. ಐದು ಎಣಿಸಿ, ಬಿಡಿ. ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಬಿಡುವ ಬದಲು ಭುಜವನ್ನು ಮೆಲ್ಲ ಮೆಲ್ಲಗೆ ಇಳಿಸುತ್ತಾರೆ, ಗಾಜಿನ ಭರಣಿ ಇಳಿಸಿದ ಹಾಗೆ. ಮೆಲ್ಲಗೆ ಇಳಿಸುವುದಕ್ಕೆ ಸ್ನಾಯು ಕೆಲಸ ಮಾಡಲೇಬೇಕು, ಅಂದರೆ ಬಿಗಿ ಬಿಟ್ಟಿಲ್ಲ ಎಂದರ್ಥ. ಮರದಿಂದ ಸೋಗೆ ಕಳಚಿ ಬೀಳುವ ಹಾಗೆ ಭುಜ ಬೀಳಲಿ. ಬಿದ್ದ ಮೇಲೆ ಇನ್ನೂ ಒಂದು ಬೆರಳಿನಷ್ಟು ಕೆಳಗೆ ಹೋಗಲು ಜಾಗ ಇದೆಯಾ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳಿ. ಸಾಮಾನ್ಯವಾಗಿ ಇರುತ್ತದೆ. ಎರಡನೇ ಸಲ ಅರ್ಧ ಶಕ್ತಿ ಸಾಕು. ಕಡಿಮೆ ಬಿಗಿಯನ್ನು ಗುರುತಿಸಲು ಕಲಿಯುವುದೇ ಇಲ್ಲಿ ಮುಖ್ಯ, ಏಕೆಂದರೆ ಕಚೇರಿಯಲ್ಲಿ ನಿಮ್ಮ ಭುಜ ಏರುವುದು ಅಷ್ಟೇ ಸ್ವಲ್ಪ.

ಆಮೇಲೆ ಕಣ್ಣು. ಸೋಪಿನ ನೀರು ಹೋದಾಗ ಮುಚ್ಚಿಕೊಳ್ಳುವ ಹಾಗೆ ಕಣ್ಣನ್ನು ಗಟ್ಟಿಯಾಗಿ ಮುಚ್ಚಿ, ಬಿಡಿ. ಬಿಟ್ಟ ಮೇಲೆ ರೆಪ್ಪೆ ತೆರೆಯಬೇಡಿ, ಸುಮ್ನೆ ಮುಚ್ಚಿರಲಿ. ಇನ್ನು ಕೊನೆವರೆಗೂ ಕಣ್ಣು ಹೀಗೆಯೇ ಇರುತ್ತದೆ.

ದವಡೆಗೆ ಬರೋಣ. ಈ ಹಂತವನ್ನು ಮಾತ್ರ ಹೆಚ್ಚು ಜಾಗ್ರತೆಯಿಂದ ಮಾಡಬೇಕು. ಕಚ್ಚುವ ಸ್ನಾಯುಗಳಿಗೆ ಬಹಳ ಬಲ ಇದೆ. ಹಲ್ಲನ್ನು ಪೂರ್ತಿ ಶಕ್ತಿಯಿಂದ ಕಚ್ಚಿದರೆ ದವಡೆಯ ಕೀಲಿಗೂ ಹಲ್ಲಿಗೂ ಪೆಟ್ಟು. ತುಟಿ ಮುಚ್ಚಿ, ಹಿಂದಿನ ಹಲ್ಲುಗಳನ್ನು ಸೇರಿಸಿ, ನಿಮ್ಮ ಶಕ್ತಿಯ ಮೂರನೇ ಒಂದು ಭಾಗದಷ್ಟು ಮಾತ್ರ ಕಚ್ಚಿ. ಬೆಂದ ಹಲಸಿನ ಬೀಜ ಕಚ್ಚಲು ಬೇಕಾಗುವಷ್ಟು ಸಾಕು. ಐದು ಎಣಿಸಿ ಬಿಡಿ. ಕೆಳದವಡೆ ತಾನಾಗಿ ಜೋತುಬೀಳಲಿ. ತುಟಿ ಸ್ವಲ್ಪ ತೆರೆದರೆ ತೆರೆಯಲಿ, ಯಾರೂ ನೋಡುತ್ತಿಲ್ಲ. ಕಿವಿಯ ಮುಂದಿನಿಂದ ಕೆನ್ನೆಯ ಕೆಳಗಿನವರೆಗೆ ಬಿಗಿ ಇಳಿಯುವುದನ್ನು ಗಮನಿಸಿ.

ಕಚ್ಚಿದರೆ ನೋವು ಬರುವವರು, ಕಿವಿಯ ಮುಂದೆ ಟಕ್ ಎಂದು ಸದ್ದು ಬಂದು ನೋಯುವವರು ಕಚ್ಚುವುದೇ ಬೇಡ. ಅದರ ಬದಲು ಮುಷ್ಟಿಯನ್ನು ಗಲ್ಲದ ಕೆಳಗೆ ಇಟ್ಟು, ಬಾಯಿಯನ್ನು ಅರ್ಧ ಬೆರಳಿನಷ್ಟು ತೆರೆಯಲು ಪ್ರಯತ್ನಿಸಿ. ಮುಷ್ಟಿ ಅದನ್ನು ಮೆಲ್ಲಗೆ ತಡೆಯಲಿ. ಬಾಯಿ ತೆರೆಯುವ ಸ್ನಾಯು ಕೆಲಸ ಮಾಡುವಾಗ ಮುಚ್ಚುವ ಸ್ನಾಯು ಬಿಟ್ಟುಕೊಡಬೇಕಾಗುತ್ತದೆ. ಐದು ಎಣಿಸಿ, ಎರಡನ್ನೂ ಬಿಡಿ. ಇದರಲ್ಲೂ ನೋವಿದ್ದರೆ ದವಡೆಯ ಹಂತವನ್ನೇ ಬಿಟ್ಟು ಮುಂದಕ್ಕೆ ಹೋಗಿ.

ಕೊನೆಗೆ ನಾಲಿಗೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜೇಕಬ್ಸನ್ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದು, ನಾವು ಮಾತನ್ನು ಬರೀ ಮನಸ್ಸಿನಲ್ಲಿ ಆಡಿಕೊಂಡರೂ ಮಾತಿನ ಸ್ನಾಯುಗಳು ಸಣ್ಣಗೆ ಕೆಲಸ ಮಾಡುತ್ತವೆ ಎಂದು ತೋರಿಸಿದರು. ಬೆಳಿಗ್ಗೆ ಮೇಲಧಿಕಾರಿಗೆ ಹೇಳಲಾಗದ ಉತ್ತರವನ್ನು ಸಂಜೆ ರೈಲಿನಲ್ಲಿ ಕೂತು ಹತ್ತು ಸಲ ಮನಸ್ಸಿನಲ್ಲೇ ಹೇಳುತ್ತೇವೆ ಅಲ್ವಾ? ಆಗ ನಾಲಿಗೆ, ದವಡೆ ಎರಡೂ ಸುಮ್ಮನಿರುವುದಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಐದು ಎಣಿಸಿ, ಬಿಡಿ. ಬಿಟ್ಟ ನಾಲಿಗೆ ಬಾಯಿಯ ತಳದಲ್ಲಿ ಅಗಲವಾಗಿ ಮಲಗಲಿ. ಉಗುಳು ತುಂಬಿದರೆ ನುಂಗಿ, ನುಂಗಿದ ಮೇಲೆ ಹಲ್ಲು ಮತ್ತೆ ಬೇರೆಯಾಗಲಿ. ಈ ಹಂತದಲ್ಲಿ ಆಕಳಿಕೆ ಬಂದರೆ ಒಳ್ಳೆಯ ಸೂಚನೆ, ತಡೆಯಬೇಡಿ.

ಎಲ್ಲ ಮುಗಿದ ಮೇಲೆ ಎರಡು ನಿಮಿಷ ಹಾಗೆಯೇ ಕೂರಿ. ಒಮ್ಮೆಲೇ ಎದ್ದು ನಿಲ್ಲಬೇಡಿ. ಬೆರಳಾಡಿಸಿ, ಕಣ್ಣು ತೆರೆದು, ಆಮೇಲೆ ಏಳಿ.

ಕುಂಬಳೆಯ ಅಕ್ಕನ ಎರಡು ವಾರ

ಅಭ್ಯಾಸಕ್ಕೆ ಮೊದಲು ಮತ್ತು ನಂತರ ಬಿಗಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆಯಲು ಅವರಿಗೆ ಹೇಳಿದ್ದೆ. ಮೊದಲ ದಿನ 7 ಇದ್ದದ್ದು 6 ಆಯಿತು. ಮೂರನೇ ದಿನ 7 ಇದ್ದದ್ದು 8 ಆಯಿತು, ಮರುದಿನ ಬೆಳಿಗ್ಗೆ ತಲೆನೋವು ಬೇರೆ. ಫೋನ್ ಮಾಡಿ, "ಇದು ನನಗೆ ಆಗುವುದಿಲ್ಲ, ಜಾಸ್ತಿ ಆಗ್ತಾ ಉಂಟು" ಎಂದರು.

ಬರಲು ಹೇಳಿ, ನನ್ನ ಎದುರಿಗೇ ಮಾಡಿಸಿದೆ. ತೊಂದರೆ ನೋಡಿದ ಕೂಡಲೇ ಗೊತ್ತಾಯಿತು. ದವಡೆಯನ್ನು ಮನಸ್ಸಿಟ್ಟು, ಪೂರ್ತಿ ಶಕ್ತಿ ಹಾಕಿ ಕಚ್ಚುತ್ತಿದ್ದರು. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು, ಉಸಿರೂ ನಿಂತಿತ್ತು. ಬಿಟ್ಟ ಮೇಲೆ ನಾಲ್ಕೈದು ಸೆಕೆಂಡಿಗೇ ಮತ್ತೆ ಕಚ್ಚುತ್ತಿದ್ದರು. ಎಲ್ಲ ಕೆಲಸವನ್ನೂ ಚೊಕ್ಕವಾಗಿ, ಬೇಗ ಮುಗಿಸುವವರು ಅವರು. ಇದನ್ನೂ ಹಾಗೆಯೇ ಮಾಡಿದ್ದರು. ಬಿಗಿ ಮಾಡುವುದೇ ವ್ಯಾಯಾಮ, ಬಿಡುವುದು ನಡುವಿನ ವಿಶ್ರಾಂತಿ ಎಂದು ಅವರು ತಿಳಿದಿದ್ದರು. ಇಲ್ಲಿ ಅದು ತಿರುಗುಮುರುಗು. ಬಿಟ್ಟ ಮೇಲಿನ ಆ ಮೂವತ್ತು ನಲವತ್ತು ಸೆಕೆಂಡುಗಳೇ ಅಭ್ಯಾಸ. ಬಿಗಿ ಮಾಡುವುದು ಅದಕ್ಕೆ ಬಾಗಿಲು ಅಷ್ಟೇ.

ಕಚ್ಚುವುದನ್ನು ಬಿಡಿಸಿ ಮುಷ್ಟಿಯ ವಿಧಾನ ಹೇಳಿಕೊಟ್ಟೆ. ಬಾಯಿಂದ ಮೆಲ್ಲಗೆ ಉಸಿರು ಬಿಡುತ್ತ ಎಣಿಸಲು ಹೇಳಿದೆ. ಹಾಗೆ ಮಾಡಿದರೆ ಉಸಿರು ಹಿಡಿಯಲು ಆಗುವುದಿಲ್ಲ. ಎಂಟನೇ ದಿನ 7ರಿಂದ 5ಕ್ಕೆ ಇಳಿಯಿತು. ಹದಿನಾಲ್ಕನೇ ದಿನ 6ರಿಂದ 3ಕ್ಕೆ. ಆದರೆ ನನಗೆ ಹೆಚ್ಚು ಖುಷಿ ಕೊಟ್ಟದ್ದು ಆ ಅಂಕವಲ್ಲ. "ನಿನ್ನೆ ಮಧ್ಯಾಹ್ನ ಫೈಲ್ ನೋಡ್ತಾ ಇರುವಾಗ ಹಲ್ಲು ಕಚ್ಚಿದ್ದೇನೆ ಅಂತ ನನಗೇ ಗೊತ್ತಾಯ್ತು ಡಾಕ್ಟ್ರೇ" ಎಂದರು. ಮೊದಲ ದಿನ ಕಿವಿಯ ಹತ್ತಿರ ಇದ್ದ ಭುಜವೇ ತಿಳಿಯದವರು ಅವರು.

ಕೆಲವರಿಗೆ ಬೇರೆ ರೀತಿಯ ತೊಂದರೆ ಬರುತ್ತದೆ. ಸಡಿಲವಾಗುತ್ತಿದ್ದಂತೆ ಗಾಬರಿ, ಎದೆಬಡಿತ, ಎಲ್ಲೋ ಬೀಳುತ್ತಿರುವ ಹಾಗೆ ಅನ್ನಿಸುತ್ತದೆ. ಬಹಳ ಕಾಲ ಆತಂಕದಲ್ಲಿ ಇದ್ದವರಲ್ಲಿ ಇದು ಕಾಣುತ್ತದೆ. ಅಂಥವರು ಕಣ್ಣು ತೆರೆದಿಟ್ಟು, ಬರೀ ಕೈ ಮತ್ತು ಭುಜ ಮಾತ್ರ ಮೂರು ನಿಮಿಷ ಮಾಡಿ. ಆಗಲೂ ಗಾಬರಿ ಬರುತ್ತಿದ್ದರೆ ನಿಲ್ಲಿಸಿ, ಮನೋವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಸಹಾಯದಿಂದ ಮುಂದುವರಿಸುವುದು ಸರಿ.

ಎರಡು ವಾರದ ನಂತರ

ಇನ್ನು ಬಿಗಿ ಮಾಡದೆ ಬಿಡಲು ಕಲಿಯಬೇಕು. ಸಂಜೆಯ ಅಭ್ಯಾಸದಲ್ಲಿ ಭುಜವನ್ನು ಏರಿಸದೆಯೇ, ಏರಿಸಿ ಬಿಟ್ಟಾಗ ಹೇಗಿತ್ತೋ ಅದನ್ನು ನೆನಪಿಸಿಕೊಂಡು ಬಿಡಿ. ದವಡೆಗೂ ಹಾಗೆಯೇ. ಮೊದಮೊದಲು ಏನೂ ಆಗಲಿಲ್ಲ ಅನ್ನಿಸಿದರೆ ಒಂದು ಸಲ ಬಿಗಿ ಮಾಡಿ, ಮತ್ತೆ ನೆನಪಿನಿಂದ ಬಿಡಿ.

ಹಗಲಿಗೆ ಒಂದು ಗುರುತು ಬೇಕು. ಗುರುತು ಇಲ್ಲದಿದ್ದರೆ ನೆನಪಾಗುವುದಿಲ್ಲ. ಈ ಅಕ್ಕನಿಗೆ ನಾನು ರೈಲಿನ ನಿಲ್ದಾಣಗಳನ್ನೇ ಕೊಟ್ಟೆ. ಮಂಗಳೂರಿನಿಂದ ಬರುವಾಗ ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ. ಅವರ ಪ್ಯಾಸೆಂಜರ್ ಗಾಡಿ ನಿಂತಾಗಲೆಲ್ಲ ಮೂರು ಕೆಲಸ: ತುಟಿ ಮುಚ್ಚಿರಲಿ, ಹಲ್ಲು ಬೇರೆಯಾಗಲಿ, ಭುಜ ಬೀಳಲಿ. ಹತ್ತು ಸೆಕೆಂಡೂ ಬೇಡ, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ಮನೆಯಲ್ಲೇ ಬೀಡಿ ಕಟ್ಟುವವರು ಒಂದು ಕಟ್ಟು ಮುಗಿದಾಗ ಮಾಡಬಹುದು, ಟೀಚರುಗಳು ಪ್ರತಿ ಗಂಟೆ ಹೊಡೆದಾಗ ಮಾಡಬಹುದು.

ಇದರಿಂದ ಆಗದ ಕೆಲಸವೂ ಇದೆ. ಹಗಲಿನಲ್ಲಿ ಹಲ್ಲು ಕಚ್ಚುವುದು ಕಡಿಮೆಯಾದರೂ, ನಿದ್ದೆಯಲ್ಲಿ ಹಲ್ಲು ಮಸೆಯುವುದು ಇದರಿಂದ ನಿಲ್ಲುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ. ಬೆಳಿಗ್ಗೆ ಏಳುವಾಗಲೇ ದವಡೆ ನೋಯುತ್ತಿದ್ದರೆ, ಹಲ್ಲು ಸವೆಯುತ್ತಿದ್ದರೆ ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ ನೈಟ್ ಗಾರ್ಡ್ ಬೇಕಾಗಬಹುದು. ಹಾಗೆಯೇ, ಮೇಜು ಎತ್ತರವಾಗಿದ್ದು ದಿನಕ್ಕೆ ಎಂಟು ಗಂಟೆ ಭುಜ ಎತ್ತಿಯೇ ಟೈಪ್ ಮಾಡುತ್ತಿದ್ದರೆ ಸಂಜೆಯ ಹತ್ತು ನಿಮಿಷ ಅದನ್ನು ಸರಿದೂಗಿಸಲಾರದು. ಕುಂಬಳೆಯ ಅಕ್ಕ ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿಕೊಂಡು ಕೂರಲು ಶುರು ಮಾಡಿದ ಮೇಲೆ ಮೊಣಕೈ ಮೇಜಿನ ಮಟ್ಟಕ್ಕೆ ಬಂತು. ಕಾಲಿನ ಕೆಳಗೆ ಹಳೆಯ ಫೈಲುಗಳ ಒಂದು ಕಟ್ಟು ಇಟ್ಟರು.

ಮಾರ್ಚ್ ಕೊನೆಯಲ್ಲಿ ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ ಅವರ ಅಂಕ ಮತ್ತೆ 7ಕ್ಕೆ ಏರಿತು. ಈ ಸಲ ಫೋನ್ ಮಾಡಲಿಲ್ಲ. ಬಲ ಮುಷ್ಟಿಯಿಂದ ಮತ್ತೆ ಶುರು ಮಾಡಿದರಂತೆ.